ಸ್ಪ್ರೆಡ್ ಮುಚ್ಚುತ್ತಿಲ್ಲವೇ? ಪೇರ್ ಟ್ರೇಡ್ ಕೆಟ್ಟಾಗ ದೋಷ ಹುಡುಕುವ ಬಗೆ

ಪೇರ್ ಟ್ರೇಡ್ ಅಂದರೆ ಒಂದೇ ಜಾತಿಯ ಎರಡು ಷೇರುಗಳಲ್ಲಿ ಒಂದನ್ನು ಕೊಂಡು, ಇನ್ನೊಂದನ್ನು ಮಾರಿ, ಅವುಗಳ ನಡುವಿನ ಅಂತರದ ಮೇಲೆ ಹಣ ಹಾಕುವುದು. ಆ ಅಂತರವೇ ಸ್ಪ್ರೆಡ್. ಅದು ಎಂದಿಗಿಂತ ಜಾಸ್ತಿ ಹಿಗ್ಗಿದಾಗ ಒಳಗೆ ಹೋಗುತ್ತೇವೆ, ಸರಾಸರಿಗೆ ಮರಳಿದಾಗ ಹೊರಗೆ ಬರುತ್ತೇವೆ. ಮಾರುಕಟ್ಟೆ ಏರಲಿ, ಇಳಿಯಲಿ, ನಮಗೆ ಬೇಕಾದದ್ದು ಆ ಅಂತರ ಮಾತ್ರ.

ಈ ಬರಹದ ಉದ್ದಕ್ಕೂ ಎಚ್‌ಡಿಎಫ್‌ಸಿ ಬ್ಯಾಂಕ್ ಮತ್ತು ಐಸಿಐಸಿಐ ಬ್ಯಾಂಕ್ ಜೋಡಿಯನ್ನೇ ಇಟ್ಟುಕೊಳ್ಳುತ್ತೇನೆ. ಎರಡೂ ದೊಡ್ಡ ಖಾಸಗಿ ಬ್ಯಾಂಕುಗಳು, ಮುಂದಿನ ದಿನಾಂಕದ ವಹಿವಾಟಿಗೆ ಈಗಲೇ ಬೆಲೆ ಕಟ್ಟುವ ಫ್ಯೂಚರ್ಸ್ ಒಪ್ಪಂದಗಳಲ್ಲೂ ಎರಡಕ್ಕೂ ಒಳ್ಳೆ ವಹಿವಾಟು ಇದೆ. ಈ ಜೋಡಿ ಕೆಟ್ಟ ದಿನವನ್ನು ತಾರೀಕಿನ ಸಮೇತ ತೋರಿಸಬಹುದು. ಲೆಕ್ಕ ಸುಲಭವಾಗಲಿ ಎಂದು ಸ್ಪ್ರೆಡ್ ಬದಲು ಅನುಪಾತ ಬಳಸುತ್ತೇನೆ, ಅಂದರೆ ಎಚ್‌ಡಿಎಫ್‌ಸಿ ಬೆಲೆ ಭಾಗಿಸು ಐಸಿಐಸಿಐ ಬೆಲೆ. ಆ ಅನುಪಾತ ತನ್ನ ಸರಾಸರಿಯಿಂದ ಎಷ್ಟು ‘ಸ್ಟ್ಯಾಂಡರ್ಡ್ ಡೀವಿಯೇಶನ್’ ದೂರ ಇದೆ ಅನ್ನುವುದೇ ಝಡ್ ಸ್ಕೋರ್; ಸ್ಟ್ಯಾಂಡರ್ಡ್ ಡೀವಿಯೇಶನ್ ಅಂದರೆ ಎಂದಿನ ಏರಿಳಿತದ ಅಳತೆ. ಸಾಮಾನ್ಯವಾಗಿ ಝಡ್ ಪ್ಲಸ್ ಅಥವಾ ಮೈನಸ್ 2 ಮುಟ್ಟಿದಾಗ ಒಳಗೆ, ಸೊನ್ನೆಯ ಹತ್ತಿರ ಬಂದಾಗ ಹೊರಗೆ.

ಶುರು ಮಾಡುವ ಮೊದಲೇ ಒಂದು ಎಚ್ಚರಿಕೆ. ನಮ್ಮಲ್ಲಿ ಇಲ್ಲದ ಷೇರನ್ನು ಕ್ಯಾಶ್ ಮಾರುಕಟ್ಟೆಯಲ್ಲಿ ಮಾರಿ ಮರುದಿನಕ್ಕೆ ಇಟ್ಟುಕೊಳ್ಳಲು ಆಗುವುದಿಲ್ಲ. ಸಂಜೆಯೊಳಗೆ ವಾಪಸ್ ಕೊಳ್ಳದಿದ್ದರೆ ಷೇರು ಹರಾಜಿಗೆ ಹೋಗುತ್ತದೆ, ದಂಡದಂಥ ಬೆಲೆ ಬೀಳುತ್ತದೆ. ಹಾಗಾಗಿ ಜೋಡಿಯ ಎರಡು ಬದಿಗಳಲ್ಲಿ, ಅಂದರೆ ಎರಡು ‘ಕಾಲು’ಗಳಲ್ಲಿ, ಮಾರುವ ಕಾಲು ಫ್ಯೂಚರ್‌ನಲ್ಲೇ ಇರಬೇಕು. ಎರಡೂ ಕಾಲು ಒಂದೇ ತಿಂಗಳ ಫ್ಯೂಚರ್‌ನಲ್ಲಿದ್ದರೆ ಇನ್ನೂ ಒಳ್ಳೆಯದು.

ಲಕ್ಷಣ 1: ಯಾವ ಸುದ್ದಿಯೂ ಇಲ್ಲ, ಆದರೆ ಸ್ಪ್ರೆಡ್ ರಾತ್ರೋರಾತ್ರಿ ಹಾರಿದೆ

ಮೊದಲು ನೋಡಬೇಕಾದದ್ದು ನಿಮ್ಮ ಶೀಟು, ಮಾರುಕಟ್ಟೆ ಅಲ್ಲ. ಈ ಪರೀಕ್ಷೆಗೆ ಐದು ನಿಮಿಷ ಸಾಕು, ಖರ್ಚೂ ಇಲ್ಲ.

2025ರ ಆಗಸ್ಟ್ ಕೊನೆಯ ವಾರ ಎಚ್‌ಡಿಎಫ್‌ಸಿ ಬ್ಯಾಂಕ್ ಒಂದಕ್ಕೆ ಒಂದು ಬೋನಸ್ ಷೇರು ಕೊಟ್ಟಿತು. 1,900ರ ಮೇಲಿದ್ದ ಬೆಲೆ ಒಂದೇ ದಿನದಲ್ಲಿ 1,000ದ ಕೆಳಗೆ ಬಂತು. ಯಾರಿಗೂ ನಷ್ಟ ಆಗಿರಲಿಲ್ಲ, ಷೇರಿನ ಸಂಖ್ಯೆ ಎರಡರಷ್ಟಾಗಿತ್ತು ಅಷ್ಟೇ. ಒಂದು ಫ್ಯೂಚರ್ ಒಪ್ಪಂದದಲ್ಲಿರುವ ಷೇರಿನ ಸಂಖ್ಯೆ, ಅಂದರೆ ಲಾಟ್ ಕೂಡ 550ರಿಂದ 1,100 ಆಯಿತು. ಆದರೆ ಹಳೆಯ ಬೆಲೆಗಳನ್ನು ಸರಿಪಡಿಸದೆ ಬಿಟ್ಟ ಶೀಟಿನಲ್ಲಿ ಅನುಪಾತ ಅರ್ಧಕ್ಕೆ ಇಳಿದು, ಝಡ್ ಸ್ಕೋರ್ ಎರಡಂಕಿಗೆ ಹೋಗಿರುತ್ತದೆ. ಅದನ್ನು ನಂಬಿ ‘ಎಚ್‌ಡಿಎಫ್‌ಸಿ ಭಾರೀ ಅಗ್ಗ’ ಎಂದು ಕೊಂಡರೆ, ಇಲ್ಲದ ಅಂತರವನ್ನು ಕೊಂಡಂತೆ.

ಚಾರ್ಟ್ ಆ್ಯಪ್‌ಗಳು ಇದನ್ನು ತಾವೇ ಸರಿ ಮಾಡುತ್ತವೆ. ನಾವೇ ಬರೆದಿಟ್ಟ ಶೀಟು ಮಾಡುವುದಿಲ್ಲ. ಎನ್‌ಎಸ್‌ಇ ಜಾಲತಾಣದ ‘ಕಾರ್ಪೊರೇಟ್ ಆಕ್ಷನ್ಸ್’ ಪುಟದಲ್ಲಿ ಎರಡೂ ಷೇರುಗಳ ಬೋನಸ್, ಸ್ಪ್ಲಿಟ್, ಡಿವಿಡೆಂಡ್ ದಿನ ನೋಡಿ. ಜೊತೆಗೆ ಒಂದು ಕಾಲು ಈ ತಿಂಗಳ ಫ್ಯೂಚರ್, ಇನ್ನೊಂದು ಮುಂದಿನ ತಿಂಗಳದ್ದು ಆಗಿದೆಯೇ ಅಂತಲೂ ನೋಡಿ. ಈ ತಿಂಗಳದ್ದನ್ನು ಮುಚ್ಚಿ ಮುಂದಿನ ತಿಂಗಳದ್ದಕ್ಕೆ ಹೋಗುವ ರೋಲ್‌ಓವರ್ ವಾರದಲ್ಲಿ ಈ ತಪ್ಪು ಬಹಳ ಸಲ ಆಗುತ್ತದೆ.

ಇಲ್ಲಿ ತಪ್ಪು ಸಿಕ್ಕರೆ ಜೋಡಿಗೆ ಏನೂ ಆಗಿಲ್ಲ. ಶೀಟು ಸರಿ ಮಾಡಿ ಮುಂದುವರಿಯಿರಿ.

ಲಕ್ಷಣ 2: ಬ್ಯಾಂಕ್ ಷೇರುಗಳೆಲ್ಲ ಬಿದ್ದ ದಿನ ನನಗೂ ನಷ್ಟ, ಏರಿದ ದಿನ ಲಾಭ

ಪೇರ್ ಟ್ರೇಡ್ ಹೀಗೆ ವರ್ತಿಸಬಾರದು. ಹೀಗಾಗುತ್ತಿದ್ದರೆ ತಕ್ಕಡಿ ಒಂದು ಕಡೆ ವಾಲಿದೆ ಎಂದರ್ಥ.

2024ರ ಜನವರಿ ಮಧ್ಯದ ಲೆಕ್ಕ ನೋಡೋಣ. ಆಗ ಎಚ್‌ಡಿಎಫ್‌ಸಿ ಬೆಲೆ 1,679, ಲಾಟ್ 550. ಒಂದು ಲಾಟಿನ ಮೌಲ್ಯ ಸುಮಾರು 9.23 ಲಕ್ಷ. ಐಸಿಐಸಿಐ ಸಾವಿರದ ಆಸುಪಾಸಿನಲ್ಲಿತ್ತು, ಲಾಟ್ 700. ಮೌಲ್ಯ ಸುಮಾರು 7 ಲಕ್ಷ. ‘ಒಂದು ಲಾಟ್ ಕೊಂಡೆ, ಒಂದು ಲಾಟ್ ಮಾರಿದೆ’ ಅಂದವರ ಕೈಯಲ್ಲಿ ನಿಜಕ್ಕೂ 2.23 ಲಕ್ಷದ ಎಚ್‌ಡಿಎಫ್‌ಸಿ ಸುಮ್ನೆ ಕೊಂಡಂತೆ ಉಳಿದಿರುತ್ತದೆ. ಎರಡೂ ಷೇರು ಶೇ 2ರಷ್ಟು ಇಳಿದರೆ, ಅನುಪಾತ ಕದಲದಿದ್ದರೂ ಸುಮಾರು 4,500 ರೂಪಾಯಿ ಹೋಗುತ್ತದೆ.

ಅದೇ ಬೆಲೆಯಲ್ಲಿ 3 ಲಾಟ್ ಎಚ್‌ಡಿಎಫ್‌ಸಿಗೆ 4 ಲಾಟ್ ಐಸಿಐಸಿಐ ಇಟ್ಟರೆ 27.7 ಲಕ್ಷಕ್ಕೆ 28 ಲಕ್ಷ, ತಕ್ಕಡಿ ಸಮ. ಆದರೆ ಒಟ್ಟು 55 ಲಕ್ಷದ ಮೇಲಿನ ವಹಿವಾಟು ಅದು. ಮಾರ್ಜಿನ್, ಅಂದರೆ ಬ್ರೋಕರ್ ಹತ್ತಿರ ಇಡಬೇಕಾದ ಮುಂಗಡ ಹಣ, ಐದರಲ್ಲಿ ಒಂದು ಭಾಗ ಎಂದು ಹಿಡಿದರೂ ಹನ್ನೊಂದು ಲಕ್ಷ ಬೇಕು. ಅಷ್ಟು ಇಲ್ಲದವರು ‘ಪರವಾಗಿಲ್ಲ, ಒಂದಕ್ಕೆ ಒಂದು ಇರಲಿ’ ಅಂದುಕೊಳ್ಳುತ್ತಾರೆ. ನನ್ನ ಅಭಿಪ್ರಾಯ ಕೇಳಿದರೆ, ತಕ್ಕಡಿ ಸಮ ಮಾಡಲು ಹಣ ಸಾಲದಿದ್ದರೆ ಆ ಜೋಡಿ ನಿಮಗಲ್ಲ. ಚಿಕ್ಕ ಲಾಟಿನ ಬೇರೆ ಜೋಡಿ ಹುಡುಕಿ.

ಲಕ್ಷಣ 3: ಝಡ್ ಸ್ಕೋರ್ ಸೊನ್ನೆಗೆ ಬಂತು, ಆದರೆ ಲಾಭವೇ ಬರಲಿಲ್ಲ

ಜನರನ್ನು ಜಾಸ್ತಿ ಗಲಿಬಿಲಿ ಮಾಡುವ ಲಕ್ಷಣ ಇದು. ಪರದೆ ‘ಮುಗೀತು, ಹೊರಗೆ ಬನ್ನಿ’ ಅನ್ನುತ್ತದೆ, ಖಾತೆ ನಷ್ಟ ತೋರಿಸುತ್ತದೆ. ಎಷ್ಟೋ ಜನ ಇದನ್ನು ಬ್ರೋಕರೇಜ್ ತಿಂದ ಹಣ ಅಂದುಕೊಂಡು ಬಿಡುತ್ತಾರೆ.

ಒಂದು ಊಹೆಯ ಲೆಕ್ಕ ಹಾಕೋಣ. 60 ದಿನದ ಸರಾಸರಿ ಅನುಪಾತ 1.70, ಡೀವಿಯೇಶನ್ 0.05. ಅನುಪಾತ 1.60ಕ್ಕೆ ಇಳಿಯಿತು, ಝಡ್ ಮೈನಸ್ 2. ನೀವು ಒಳಗೆ ಹೋದಿರಿ. ಆಮೇಲೆ 40 ದಿನ ಅನುಪಾತ ಅಲ್ಲೇ 1.60ರಲ್ಲಿ ಕೂತಿತು. ಈಗ ಆ 60 ದಿನದ ಕಿಟಕಿಯಲ್ಲಿ 20 ದಿನ 1.70, 40 ದಿನ 1.60. ಸರಾಸರಿ 1.63ಕ್ಕೆ ಇಳಿದಿದೆ. ಡೀವಿಯೇಶನ್ ಹೆಚ್ಚು ಕಡಿಮೆ ಅಷ್ಟೇ ಇದೆ. ಝಡ್ ಈಗ ಸುಮಾರು ಮೈನಸ್ 0.7. ಅನುಪಾತ ಒಂದು ಕೂದಲೆಳೆಯಷ್ಟೂ ಮರಳಿಲ್ಲ, ಆದರೆ ಝಡ್ ಮೂರನೇ ಎರಡು ಭಾಗ ದಾರಿ ಬಂದುಬಿಟ್ಟಿದೆ.

ಸ್ಪ್ರೆಡ್ ಸರಾಸರಿಯ ಕಡೆಗೆ ಬರಲಿಲ್ಲ, ಸರಾಸರಿಯೇ ಸ್ಪ್ರೆಡ್‌ನ ಕಡೆಗೆ ನಡೆಯಿತು.

ಪರಿಹಾರ ಬಹಳ ಸರಳ. ಟ್ರೇಡ್ ಹಾಕಿದ ದಿನದ ಸರಾಸರಿ ಮತ್ತು ಡೀವಿಯೇಶನ್ ಎರಡನ್ನೂ ಬರೆದಿಡಿ. ಟ್ರೇಡ್ ಮುಗಿಯುವವರೆಗೆ ಆ ಎರಡು ಸಂಖ್ಯೆಯಿಂದಲೇ ಝಡ್ ಲೆಕ್ಕ ಹಾಕಿ. ನಾನು ಟ್ರೇಡ್ ಪುಸ್ತಕದಲ್ಲಿ ಆ ದಿನದ ಸಾಲಿನ ಪಕ್ಕ ಕೆಂಪು ಇಂಕಿನಲ್ಲಿ ಬರೆಯುತ್ತೇನೆ, ‘1.70 / 0.05’ ಅಂತ. ದಿನ ಬಿಟ್ಟು ದಿನ ಎರಡು ಝಡ್ ಪಕ್ಕಪಕ್ಕ ನೋಡುತ್ತೇನೆ: ಕಟ್ಟಿಟ್ಟ ಸರಾಸರಿಯದ್ದು ಒಂದು, ಓಡುವ ಸರಾಸರಿಯದ್ದು ಒಂದು. ಎರಡೂ ಒಟ್ಟಿಗೆ ಸೊನ್ನೆಗೆ ಬಂದರೆ ನಿಜವಾದ ಮರಳುವಿಕೆ. ಓಡುವ ಝಡ್ ಮಾತ್ರ ಬರುತ್ತಿದ್ದು, ಕಟ್ಟಿಟ್ಟದ್ದು ಮೈನಸ್ 2ರಲ್ಲೇ ನಿಂತಿದ್ದರೆ, ಜೋಡಿ ಹೊಸ ಮಟ್ಟದಲ್ಲಿ ನೆಲೆ ಹುಡುಕುತ್ತಿದೆ. ನಂಟು ಸಡಿಲ ಆಗುತ್ತಿರುವುದಕ್ಕೆ ಇದು ಮೊದಲ ಸದ್ದಿಲ್ಲದ ಗುರುತು.

ಲಕ್ಷಣ 4: ದಿನಗಳು ಉರುಳುತ್ತಿವೆ, ಸ್ಪ್ರೆಡ್ ಕೂತಲ್ಲೇ ಕೂತಿದೆ

‘ಇನ್ನೆಷ್ಟು ದಿನ ಕಾಯಲಿ?’ ಎಂಬ ಪ್ರಶ್ನೆಗೆ ಉತ್ತರ ಹಳೆಯ ಬೆಲೆಗಳಲ್ಲೇ ಇದೆ. ಸ್ಪ್ರೆಡ್ ಹಿಗ್ಗಿದ ಮೇಲೆ ಅದರ ಅರ್ಧ ದೂರ ಮರಳಲು ಸರಾಸರಿ ಎಷ್ಟು ದಿನ ಹಿಡಿದಿದೆ ಅನ್ನುವುದಕ್ಕೆ ಹಾಫ್ ಲೈಫ್ ಎನ್ನುತ್ತಾರೆ. ಅದನ್ನೂ, ಎರಡು ಷೇರುಗಳ ನಂಟು ಅಂಕಿಗಳಲ್ಲಿ ಕಾಣುತ್ತದೆಯೇ ಅನ್ನುವುದನ್ನೂ ಪೈಥಾನ್‌ನಲ್ಲಿ ಹೀಗೆ ನೋಡಬಹುದು. `a`, `b` ಎರಡೂ ಸರಿಪಡಿಸಿದ ಮುಕ್ತಾಯದ ಬೆಲೆಗಳ ಪಟ್ಟಿ:

```python
import numpy as np
from statsmodels.tsa.stattools import coint

la, lb = np.log(a), np.log(b)
beta, c = np.polyfit(lb, la, 1)
s = la - beta * lb - c
k = np.polyfit(s[:-1], np.diff(s), 1)[0]
print("p:", coint(la, lb)[1])
print("half-life:", np.log(0.5) / np.log(1 + k))
```

`p`, ಅಂದರೆ ನಂಟು ಇಲ್ಲದಿದ್ದರೂ ಇಂಥ ಅಂಕಿ ಬರುವ ಸಾಧ್ಯತೆ, 0.05ಕ್ಕಿಂತ ಕಡಿಮೆ ಇದ್ದರೆ ನಂಟು ಇದೆ ಎನ್ನಲು ಸ್ವಲ್ಪ ಆಧಾರ ಸಿಕ್ಕಿತು. ಹಾಫ್ ಲೈಫ್ 8 ದಿನ ಬಂದರೆ, 8 ದಿನದಲ್ಲಿ ಅರ್ಧ, 16 ದಿನದಲ್ಲಿ ಮುಕ್ಕಾಲು ದೂರ ಮರಳಬೇಕಿತ್ತು. 20 ದಿನ ಕಳೆದೂ ಏನೂ ಆಗಿಲ್ಲ ಅಂದರೆ ಹಳೆಯ ಲೆಕ್ಕ ಈಗ ನಡೆಯುತ್ತಿಲ್ಲ. ಎರಡೂವರೆ ಹಾಫ್ ಲೈಫ್ ದಾಟಿದ ಮೇಲೆ ನಷ್ಟ ಇರಲಿ, ಲಾಭ ಇರಲಿ, ನಾನು ಹೊರಗೆ ಬರುತ್ತೇನೆ. ಸ್ಪ್ರೆಡ್ ದಿನಕ್ಕೆ ಎಷ್ಟು ಪಾಲು ಮರಳುತ್ತದೆ ಎಂದು ತೋರಿಸುವ `k` ಸೊನ್ನೆ ಅಥವಾ ಪ್ಲಸ್ ಬಂದರೆ ಹಾಫ್ ಲೈಫ್‌ಗೆ ಅರ್ಥವೇ ಇಲ್ಲ. ಅಲ್ಲಿಗೆ ಟ್ರೇಡ್ ಹಾಕಲೇಬೇಡಿ.

ಈ ಪರೀಕ್ಷೆಗೆ ಒಂದು ದೊಡ್ಡ ಮಿತಿ ಇದೆ. ಇದು ಹಿಂದೆ ನಡೆದದ್ದನ್ನು ಮಾತ್ರ ನೋಡುತ್ತದೆ. 250 ದಿನದ ಅಂಕಿಗಳಲ್ಲಿ 10 ದಿನದ ಕೆಡುಕು ಎದ್ದು ಕಾಣುವುದಿಲ್ಲ. `p` ಹಾಳಾಗುವಷ್ಟರಲ್ಲಿ ನಿಮ್ಮ ಹಣ ಆಗಲೇ ಹಾಳಾಗಿರುತ್ತದೆ. ಮುಂದಿನ ಲಕ್ಷಣಕ್ಕೆ ಕೋಡ್ ಸಾಲದು ಅನ್ನುವುದು ಅದಕ್ಕೇ.

ಲಕ್ಷಣ 5: ಝಡ್ 2ರಿಂದ 3, 3ರಿಂದ 4 ಆಗುತ್ತಿದೆ

‘ಮೊದಲು ಅಗ್ಗ ಇತ್ತು, ಈಗ ಇನ್ನೂ ಅಗ್ಗ ಆಯಿತು, ಇನ್ನೊಂದು ಲಾಟ್ ಸೇರಿಸೋಣ’ ಅನ್ನಿಸುವುದು ಇಲ್ಲಿಯೇ. ಸೇರಿಸುವ ಮೊದಲು ಒಂದು ಪ್ರಶ್ನೆ ಕೇಳಿ: ಎರಡರಲ್ಲಿ ಕದಲಿದ್ದು ಯಾವ ಕಾಲು?

ಎರಡೂ ಸ್ವಲ್ಪ ಸ್ವಲ್ಪ ಕದಲಿ ಅಂತರ ಹಿಗ್ಗಿದ್ದರೆ, ಯಾವುದೋ ದೊಡ್ಡ ಫಂಡ್ ಒಂದನ್ನು ಮಾರಿ ಇನ್ನೊಂದನ್ನು ಕೊಳ್ಳುತ್ತಿರಬಹುದು. ಅಂಥದ್ದು ಮರಳುವ ಸಾಧ್ಯತೆ ಜಾಸ್ತಿ. ಒಂದೇ ಕಾಲು ಕದಲಿ, ಇನ್ನೊಂದು ಇದ್ದಲ್ಲೇ ಇದ್ದರೆ, ಆ ಒಂದು ಕಂಪನಿಗೆ ಸೇರಿದ ವಿಷಯ ಏನೋ ಇದೆ. ಆಗ ಸುದ್ದಿ ಓದಲೇಬೇಕು.

2024ರ ಜನವರಿ 16ರ ಸಂಜೆ ಎಚ್‌ಡಿಎಫ್‌ಸಿ ಬ್ಯಾಂಕ್ ತನ್ನ ಮೂರನೇ ತ್ರೈಮಾಸಿಕದ ಫಲಿತಾಂಶ ಹೇಳಿತು. ಮರುದಿನ ಷೇರು ಸುಮಾರು 1,679ರಿಂದ 1,537ಕ್ಕೆ, ಅಂದರೆ ಶೇ 8ಕ್ಕಿಂತ ಜಾಸ್ತಿ ಬಿತ್ತು. 2020ರ ಮಾರ್ಚ್ ನಂತರ ಅದರ ಅತಿ ದೊಡ್ಡ ಒಂದು ದಿನದ ಇಳಿತ ಅದು. ಐಸಿಐಸಿಐ ಅಷ್ಟು ಬೀಳಲಿಲ್ಲ.

ಮೇಲಿನ 3 ಲಾಟ್–4 ಲಾಟ್ ಲೆಕ್ಕದಲ್ಲೇ ನೋಡಿ. ಎಚ್‌ಡಿಎಫ್‌ಸಿ 1,650 ಷೇರು, ಒಂದಕ್ಕೆ 142 ರೂಪಾಯಿ ಇಳಿತ. ಆ ಕಾಲಿನ ನಷ್ಟ 2,34,300. ಐಸಿಐಸಿಐ 15 ರೂಪಾಯಿ ಇಳಿಯಿತು ಎಂದೇ ಇಟ್ಟುಕೊಳ್ಳಿ, 2,800 ಷೇರಿಗೆ 42,000 ಲಾಭ. ಒಂದು ದಿನದ ನಿವ್ವಳ ನಷ್ಟ 1.92 ಲಕ್ಷ. ಝಡ್ 3 ಮುಟ್ಟಿದರೆ ಹೊರಗೆ ಬರುತ್ತೇವೆ ಎಂದು ಸ್ಟಾಪ್ ಇಟ್ಟವರಿಗೂ ಆ ಬೆಲೆ ಸಿಗಲಿಲ್ಲ. ಸುದ್ದಿ ಸಂಜೆ ಬಂದಿತ್ತು, ಬೆಳಿಗ್ಗೆ ಬೆಲೆ ಆ ಸ್ಟಾಪನ್ನು ಹಾರಿಯೇ ತೆರೆಯಿತು.

ಈಗ ಮುಖ್ಯ ಪ್ರಶ್ನೆ: ಇದು ಮರಳುವ ಇಳಿತವೇ, ನಂಟು ಮುರಿದದ್ದೇ?

ಕಾರಣ ನೋಡಿ. 2023ರ ಜುಲೈ 1ರಂದು ಗೃಹಸಾಲದ ಎಚ್‌ಡಿಎಫ್‌ಸಿ ಲಿಮಿಟೆಡ್ ಈ ಬ್ಯಾಂಕಿನಲ್ಲಿ ವಿಲೀನ ಆಗಿತ್ತು. ಆ ಕಂಪನಿಯ 25 ಷೇರಿಗೆ ಬ್ಯಾಂಕಿನ 42 ಷೇರು ಸಿಕ್ಕಿತು. ಆ ಕಂಪನಿಯ ಜೊತೆ ದೊಡ್ಡ ಸಾಲದ ಪುಸ್ತಕ ಬಂತು, ಅದಕ್ಕೆ ತಕ್ಕ ಠೇವಣಿ ಬರಲಿಲ್ಲ. ಸಾಲ–ಠೇವಣಿ ಅನುಪಾತ ಶೇ 110ರ ಆಸುಪಾಸಿಗೆ ಹೋಯಿತು. ಒಟ್ಟು ಆಸ್ತಿಯ ಮೇಲಿನ ಬಡ್ಡಿ ಮಾರ್ಜಿನ್ ಶೇ 3.4ರಲ್ಲಿ ನಿಂತಿತ್ತು. ಐಸಿಐಸಿಐಯದ್ದು ಆಗ 4ಕ್ಕಿಂತ ಮೇಲಿತ್ತು. ಹಣ ಗಳಿಸುವ ಯಂತ್ರವೇ ಎರಡರಲ್ಲೂ ಬೇರೆ ಆಗಿತ್ತು. ಇದು ಒಂದು ವಾರದಲ್ಲಿ ಸರಿಹೋಗುವ ವಿಷಯ ಅಲ್ಲ. ಹೊಸ ಠೇವಣಿ ತರಲು ವರ್ಷಗಳು ಬೇಕು.

ಕಾದವರ ಕಥೆಯೂ ಗೊತ್ತಿರಲಿ. ಫೆಬ್ರವರಿ 14ರ ಹೊತ್ತಿಗೆ ಎಚ್‌ಡಿಎಫ್‌ಸಿ 1,400ಕ್ಕಿಂತ ಕೆಳಗೆ ಹೋಗಿತ್ತು, ಐಸಿಐಸಿಐ ಸಾವಿರದ ಹತ್ತಿರವೇ ಇತ್ತು. 1,537ರಿಂದ 1,400ಕ್ಕೆ ಮತ್ತೆ 137 ರೂಪಾಯಿ. ಅದೇ 1,650 ಷೇರಿಗೆ ಇನ್ನೂ 2.26 ಲಕ್ಷ. ಮೊದಲ ದಿನದಷ್ಟೇ ನಷ್ಟ ಇನ್ನೊಂದು ಸಲ. 1.7ರ ಹತ್ತಿರ ಇದ್ದ ಅನುಪಾತ 1.4ಕ್ಕಿಂತ ಕೆಳಗೆ ಬಂದಿತ್ತು.

ನಾನು ಇಲ್ಲಿ ಒತ್ತಿ ಹೇಳಬೇಕಾದ ವಿಷಯ ಒಂದಿದೆ. ನಂಟು ಜನವರಿ 17ರಂದು ಮುರಿದದ್ದಲ್ಲ. ಅದು ಮುರಿದದ್ದು ಜುಲೈ 1ರಂದು. ಜನವರಿಯಲ್ಲಿ ಬೆಲೆಗೆ ಗೊತ್ತಾಯಿತು ಅಷ್ಟೇ. ಒಂದು ವರ್ಷದ ಅಂಕಿ ತೆಗೆದು ಸರಾಸರಿ ಹಾಕಿದವರ ಶೀಟಿನಲ್ಲಿ ಅರ್ಧ ಭಾಗ ಹಳೆಯ ಬ್ಯಾಂಕ್, ಅರ್ಧ ಭಾಗ ಹೊಸ ಬ್ಯಾಂಕ್ ಕೂತಿತ್ತು. ಆ ಸರಾಸರಿ ಎರಡರಲ್ಲಿ ಯಾವುದಕ್ಕೂ ಸೇರಿದ್ದಲ್ಲ. ವಿಲೀನ, ವಿಭಜನೆ, ದೊಡ್ಡ ಖರೀದಿ ಆದ ದಿನವೇ ಹಳೆಯ ಅಂಕಿಗಳಿಗೆ ಗೆರೆ ಎಳೆಯಿರಿ. ಆ ಗೆರೆಯಿಂದ ಮುಂದಿನ ಅಂಕಿ ಸಾಕಷ್ಟು ಸಿಗುವವರೆಗೆ ಆ ಜೋಡಿಯಲ್ಲಿ ಟ್ರೇಡ್ ಇಲ್ಲ.

ಒಂದೇ ಕಾಲು ಬಿದ್ದ ಪ್ರತಿ ಸಲವೂ ನಂಟು ಮುರಿದಿರುತ್ತದೆ ಎಂದೇನಿಲ್ಲ. 2019ರ ಅಕ್ಟೋಬರ್ 22ರಂದು ನಮ್ಮ ಬೆಂಗಳೂರಿನ ಇನ್ಫೊಸಿಸ್ ಷೇರು ಅನಾಮಧೇಯ ದೂರಿನ ಸುದ್ದಿಗೆ ಸುಮಾರು ಶೇ 16 ಬಿತ್ತು. ಟಿಸಿಎಸ್ ಜೊತೆಗಿನ ಸ್ಪ್ರೆಡ್ ಎಲ್ಲಿಗೋ ಹೋಯಿತು. 2020ರ ಜನವರಿಯಲ್ಲಿ ಕಂಪನಿಯ ಆಡಿಟ್ ಸಮಿತಿ ತನಿಖೆ ಮುಗಿಸಿ, ಹಣಕಾಸಿನ ಅಕ್ರಮಕ್ಕೆ ಸಾಕ್ಷ್ಯ ಸಿಕ್ಕಿಲ್ಲ ಎಂದಿತು. ಅಲ್ಲಿ ಯಂತ್ರ ಕೆಟ್ಟಿರಲಿಲ್ಲ. ಹಾಗಿದ್ದರೆ ಅಕ್ಟೋಬರ್ 22ರಂದು ಹೊರಗೆ ಬಂದವರು ತಪ್ಪು ಮಾಡಿದರೇ? ಇಲ್ಲ. ಆ ದಿನ ದೂರು ನಿಜವೋ ಸುಳ್ಳೋ ಯಾರಿಗೂ ಗೊತ್ತಿರಲಿಲ್ಲ. ಹಳೆಯ ಅಂಕಿಗಳಲ್ಲಿ ಇಲ್ಲದ ಅಪಾಯವನ್ನು ಹಳೆಯ ಅಂಕಿಗಳಿಂದ ಅಳೆಯಲು ಆಗುವುದಿಲ್ಲ. ಹೊರಗೆ ನಿಂತು, ಉತ್ತರ ಬಂದ ಮೇಲೆ ಮತ್ತೆ ಒಳಗೆ ಹೋಗಬಹುದಿತ್ತು.

ಯಾವಾಗ ನಿಲ್ಲಿಸಬೇಕು

ಮೂರು ಸ್ಟಾಪ್ ಇಡುತ್ತೇನೆ, ಯಾವುದು ಮೊದಲು ಬರುತ್ತದೋ ಅದು. ಕಟ್ಟಿಟ್ಟ ಝಡ್ 3.5 ದಾಟಿದರೆ ಹೊರಗೆ. ಎರಡೂವರೆ ಹಾಫ್ ಲೈಫ್ ಕಳೆದರೆ ಹೊರಗೆ. ಒಂದು ಕಂಪನಿಯ ಗಳಿಕೆಯ ರೀತಿಯನ್ನೇ ಬದಲಿಸುವ ಸುದ್ದಿ ಬಂದರೆ, ಝಡ್ ಎಷ್ಟೇ ಇರಲಿ, ಆ ದಿನವೇ ಹೊರಗೆ.

ಮೊದಲ ಸ್ಟಾಪ್ ಫಲಿತಾಂಶದ ರಾತ್ರಿ ಕೆಲಸ ಮಾಡುವುದಿಲ್ಲ ಅನ್ನುವುದನ್ನು ನೋಡಿದೆವಲ್ಲ. ಹಾಗಾಗಿ ಎರಡರಲ್ಲಿ ಯಾವುದೇ ಕಂಪನಿಯ ಫಲಿತಾಂಶದ ಹಿಂದಿನ ದಿನ ಟ್ರೇಡ್ ಮುಗಿಸಿ, ಇಲ್ಲವೇ ಅರ್ಧಕ್ಕೆ ಇಳಿಸಿ. ಫಲಿತಾಂಶದ ತಾರೀಕು ಮೊದಲೇ ಪ್ರಕಟ ಆಗುತ್ತದೆ.

ಹೊರಗೆ ಬರುವಾಗ ಎರಡೂ ಕಾಲನ್ನು ಒಟ್ಟಿಗೆ ಮುಚ್ಚಿ. ಲಾಭದ ಕಾಲು ಮುಚ್ಚಿ, ‘ನಷ್ಟದ್ದು ಮರಳಲಿ’ ಎಂದು ಬಿಟ್ಟರೆ ಅದು ಪೇರ್ ಟ್ರೇಡ್ ಅಲ್ಲ, ಬೀಳುತ್ತಿರುವ ಷೇರಿನ ಮೇಲೆ ಸಾಲದ ಪಂದ್ಯ. ವಹಿವಾಟು ಕಡಿಮೆ ಇರುವ ಷೇರನ್ನು ಮೊದಲು, ಅದರ ಬೆನ್ನಿಗೇ ಇನ್ನೊಂದನ್ನು ಮುಚ್ಚಿ.

ಲಕ್ಷಣ 6: ಲೆಕ್ಕ ಸರಿ ಇದೆ, ಆದರೆ ಮಾರ್ಜಿನ್ ಕಾಲ್ ಬರುತ್ತಿದೆ

ಮಾರ್ಜಿನ್ ಕಾಲ್ ಅಂದರೆ ಇನ್ನಷ್ಟು ಹಣ ತುಂಬಿ ಎಂದು ಬ್ರೋಕರ್ ಕೇಳುವುದು. ಇದು ಜೋಡಿಯ ದೋಷ ಅಲ್ಲ, ಗಾತ್ರದ ದೋಷ. ರಾಯಲ್ ಡಚ್ ಮತ್ತು ಶೆಲ್ ಟ್ರಾನ್ಸ್‌ಪೋರ್ಟ್ ಒಂದೇ ತೈಲ ಸಂಸ್ಥೆಯ ಎರಡು ಷೇರುಗಳು. 1907ರಿಂದ ಲಾಭ 60ಕ್ಕೆ 40 ಹಂಚಿಕೆ. ಇದಕ್ಕಿಂತ ಗಟ್ಟಿ ನಂಟು ಎಲ್ಲಿ ಸಿಗುತ್ತದೆ? ಅಮೆರಿಕದ ಲಾಂಗ್ ಟರ್ಮ್ ಕ್ಯಾಪಿಟಲ್ ಮ್ಯಾನೇಜ್‌ಮೆಂಟ್ ಫಂಡ್ ಆ ಅಂತರ ಮುಚ್ಚುತ್ತದೆ ಎಂದು ಭಾರೀ ಸಾಲದ ಮೇಲೆ ನಿಂತಿತ್ತು. 1998ರಲ್ಲಿ ಅಂತರ ಇನ್ನೂ ಹಿಗ್ಗಿತು, ಇತರ ಪಂದ್ಯಗಳೂ ಜೊತೆಗೆ ಕೈಕೊಟ್ಟು ಫಂಡ್ ಕುಸಿಯಿತು. ಎರಡು ಷೇರು ಒಂದಾಗಿದ್ದು 2005ರಲ್ಲಿ. ಅವರ ಲೆಕ್ಕ ಸರಿಯೇ ಇತ್ತು, ಅಷ್ಟು ದಿನ ನಿಲ್ಲಲು ಹಣ ಇರಲಿಲ್ಲ.

ಮಾರ್ಜಿನ್‌ಗೆ ಬೇಕಾದಷ್ಟೇ ಹಣವನ್ನು ಪಕ್ಕದಲ್ಲಿ ಬೇರೆ ಇಟ್ಟುಕೊಳ್ಳಿ. ಅದಕ್ಕೆ ಆಗದಿದ್ದರೆ ಗಾತ್ರ ಇಳಿಸಿ. ಮಾರ್ಜಿನ್ ಕಾಲ್‌ಗೆ ಸಾಲ ತಂದು ತುಂಬಬೇಡಿ. ಆ ಕಾಲ್ ಬಂದ ದಿನ ಎರಡೂ ಕಾಲನ್ನು ಸಮಸಮವಾಗಿ ಕಡಿಮೆ ಮಾಡಿ, ಬ್ರೋಕರ್ ತಾನೇ ಒಂದು ಕಾಲು ಕತ್ತರಿಸುವ ಮೊದಲು.

ಯಾವಾಗ ಇನ್ನೊಬ್ಬರನ್ನು ಕೇಳಬೇಕು

ಫ್ಯೂಚರ್ ಒಪ್ಪಂದ ಮುಗಿಯುವ ಎಕ್ಸ್‌ಪೈರಿ ವಾರಕ್ಕೆ ಬಂದೂ ಟ್ರೇಡ್ ತೆರೆದೇ ಇದ್ದರೆ, ಆ ದಿನವೇ ಬ್ರೋಕರ್‌ನ ಡೀಲಿಂಗ್ ಡೆಸ್ಕ್‌ಗೆ ಫೋನ್ ಮಾಡಿ. 2019ರ ಅಕ್ಟೋಬರ್‌ನಿಂದ ನಮ್ಮಲ್ಲಿ ಎಲ್ಲ ಷೇರು ಫ್ಯೂಚರ್ ಷೇರು ಕೊಟ್ಟು ತೆಗೆದುಕೊಂಡೇ ಮುಗಿಯುತ್ತವೆ. ಮಾರಿದ ಕಾಲಿಗೆ ನಿಜವಾದ ಷೇರು ತಂದು ಕೊಡಬೇಕಾಗುತ್ತದೆ. ಕೊನೆಯ ದಿನಗಳಲ್ಲಿ ಮಾರ್ಜಿನ್ ಕೂಡ ಏರುತ್ತದೆ, ಎಷ್ಟು ಎಂದು ಬ್ರೋಕರ್‌ನಿಂದ ಬ್ರೋಕರ್‌ಗೆ ವ್ಯತ್ಯಾಸ ಇದೆ. ಎರಡೂ ಕಾಲನ್ನು ಒಂದೇ ದಿನ ರೋಲ್ ಮಾಡಬೇಕು ಇಲ್ಲವೇ ಮುಚ್ಚಬೇಕು.

ತೆರಿಗೆ ಬಗ್ಗೆ ವರ್ಷದ ಕೊನೆಗೆ ಕಾಯದೆ ಸಿಎ ಹತ್ತಿರ ಮಾತಾಡಿ. ಫ್ಯೂಚರ್ ಲಾಭ–ನಷ್ಟ ವ್ಯಾಪಾರದ ಆದಾಯದಲ್ಲಿ ಸೇರುತ್ತದೆ, ರಿಟರ್ನ್ ಫಾರಂ ಬೇರೆ ಆಗುತ್ತದೆ, ನಷ್ಟವನ್ನು ಮುಂದಿನ ವರ್ಷಕ್ಕೆ ಒಯ್ಯಲು ಗಡುವಿನೊಳಗೆ ರಿಟರ್ನ್ ಹಾಕಲೇಬೇಕು. ಫ್ಯೂಚರ್ ಮಾರಾಟದ ಮೇಲಿನ ವಹಿವಾಟು ತೆರಿಗೆಯಾದ ಎಸ್‌ಟಿಟಿ 2024ರ ಅಕ್ಟೋಬರ್ 1ರಂದು 0.0125ರಿಂದ ಶೇ 0.02ಕ್ಕೆ ಏರಿತ್ತು. ಇಂಥ ದರಗಳು ಬಜೆಟ್‌ನಲ್ಲಿ ಬದಲಾಗುತ್ತಿರುತ್ತವೆ. ಚಿಕ್ಕ ಸ್ಪ್ರೆಡ್‌ನ ಲಾಭ ಅಲ್ಲೇ ಕರಗಬಹುದು. ಟ್ರೇಡ್ ಹಾಕುವ ಮೊದಲು ನಾಲ್ಕೂ ಆರ್ಡರ್‌ಗಳ ಖರ್ಚನ್ನು ಬ್ರೋಕರ್‌ನ ಕ್ಯಾಲ್ಕುಲೇಟರ್‌ನಲ್ಲಿ ಹಾಕಿ ನೋಡಿ.